ಸಿಯಾಟಲ್‌ನಲ್ಲಿರುವ ಸಹೋದ್ಯೋಗಿಗೆ ಮೆಚ್ಚುಗೆಯ ನಾಲ್ಕು ಸಾಲು ಬರೀಬೇಕು. ಈ ಕರಡು ಸರಿಯಾಗಿದೆಯಾ?

ಕಾವೇರಿತಟ

ನಮ್ಮ ತಂಡದಲ್ಲಿ ಬೆಂಗಳೂರಲ್ಲಿ ಆರು ಜನ, ಸಿಯಾಟಲ್‌ನಲ್ಲಿ ಒಬ್ಬರು. ಬಿಲ್ಲಿಂಗ್ ಡೇಟಾವನ್ನ ಹಳೇ ಡೇಟಾಬೇಸ್‌ನಿಂದ ಹೊಸದಕ್ಕೆ ಸಾಗಿಸೋ ಕೆಲಸ. ಮೂರು ವಾರದ ಗಡುವು ಇತ್ತು, ಮೊನ್ನೆ ನವೆಂಬರ್ 5ಕ್ಕೆ, ಹೇಳಿದ ದಿನಕ್ಕೇ ಮುಗೀತು. ಮುಗಿದದ್ದರಲ್ಲಿ ಸಿಯಾಟಲ್‌ನವರ ಪಾಲು ದೊಡ್ಡದು. ಅವರು ಮೂಲತಃ ಹಾಸನದ ಕಡೆಯವರು, ವಯಸ್ಸಲ್ಲೂ ಅನುಭವದಲ್ಲೂ ನನಗಿಂತ ಹಿರಿಯರು. ಹಾಗಾಗಿ ಕನ್ನಡದಲ್ಲೇ ಬರೆಯೋಣ ಅಂದುಕೊಂಡೆ. ಕರಡು ಇದು:

"ಆತ್ಮೀಯ ಸಹೋದ್ಯೋಗಿಗಳೇ, ತಾವು ಹಗಲು ರಾತ್ರಿಯೆನ್ನದೆ, ಸಮಯದ ಅಂತರವನ್ನು ಲೆಕ್ಕಿಸದೆ, ಸಮರ್ಪಣಾ ಭಾವದಿಂದ ಶ್ರಮಿಸಿ ಯೋಜನೆಯನ್ನು ಯಶಸ್ವಿಗೊಳಿಸಿದ್ದೀರಿ. ತಮ್ಮ ಅಮೂಲ್ಯ ಸೇವೆಗೆ ಹೃತ್ಪೂರ್ವಕ ಧನ್ಯವಾದಗಳು."

ಪಕ್ಕದ ಸೀಟಿನವನು ಓದಿ "ನಿವೃತ್ತಿ ಸಮಾರಂಭದ ಬಿನ್ನವತ್ತಳೆ ಥರ ಇದೆ" ಅಂದ. ಎಲ್ಲಿ ತಪ್ಪಿದೆ ಹೇಳಿ.

ಎಂಟನೇಕ್ರಾಸ್

ಸಿಯಾಟಲ್ ಜೊತೆ ಮೀಟಿಂಗ್‌ಗೆ ಒಳ್ಳೇ ಸಮಯ ಅಂದ್ರೆ ನಮ್ಮ ರಾತ್ರಿ 9:30. ಅವರಿಗೆ ಬೆಳಿಗ್ಗೆ 9. ವಾರಕ್ಕೆ ಎರಡು ದಿನ ಇಟ್ಟುಕೊಳ್ಳಿ, ಸಾಕು. ವ್ಯತ್ಯಾಸ ಯಾವಾಗಲೂ ಹನ್ನೆರಡೂವರೆ ಗಂಟೆ, ಲೆಕ್ಕ ಸುಲಭ.

ಕಾವೇರಿತಟ

ಮೀಟಿಂಗ್ ಸಮಯ ಕೇಳ್ತಿಲ್ಲ ಸಾರ್, ಕೆಲಸ ಮುಗಿದಿದೆ. ಥ್ಯಾಂಕ್ಸ್ ಹೇಳೋದು ಹೇಗೆ ಅಂತ ಕೇಳ್ತಿದ್ದೀನಿ.

ಹಳೇಸರ್ವರ್

ಪಕ್ಕದ ಸೀಟಿನವರು ಹೇಳಿದ್ದು ಸರಿ, ಆದರೆ ಭಾಷೆ ಗಟ್ಟಿಯಾಯ್ತು ಅನ್ನೋದು ಸಣ್ಣ ತೊಂದರೆ. ದೊಡ್ಡದು ಬೇರೆ ಇದೆ. ಈ ಕರಡನ್ನ ನೀವು ಕ್ಯಾಂಟೀನ್ ಗುತ್ತಿಗೆದಾರರಿಗೆ ಕಳಿಸಿದರೂ ನಡೆಯುತ್ತೆ. ಅವರು ಏನು ಮಾಡಿದರು ಅನ್ನೋದು ಒಂದಕ್ಷರವೂ ಇಲ್ಲ.

"ಹಗಲು ರಾತ್ರಿಯೆನ್ನದೆ" ಅನ್ನೋದನ್ನಂತೂ ತೆಗೆಯಲೇಬೇಕು. ಬೇರೆ ಟೈಮ್ ಝೋನ್‌ನಲ್ಲಿ ಕೂತವರಿಗೆ ಇದು ಹೊಗಳಿಕೆಯಾಗಿ ಕೇಳಿಸಲ್ಲ. ಅವರು ನಿಜವಾಗಿ ನಿದ್ದೆಗೆಟ್ಟಿದ್ದರೆ ಅದು ಯೋಜನೆಯಲ್ಲಿದ್ದ ದೋಷ. ಅದನ್ನ ಮೆಚ್ಚಿಕೊಂಡು ಬರೆದರೆ ಮುಂದಿನ ಸಲವೂ ಅದೇ ನಿರೀಕ್ಷೆ ಅಂತ ಆಗುತ್ತೆ. ನಿದ್ದೆಗೆಡದೆ ಕೆಲಸ ನಡೆಸಿದ್ದರೆ, ಅವರು ಎಚ್ಚರಿಕೆಯಿಂದ ಮಾಡಿದ್ದನ್ನೇ ನೀವು ಅಳಿಸಿ ಹಾಕಿದ ಹಾಗೆ.

ಒಂದು ಪ್ರಶ್ನೆಗೆ ಉತ್ತರ ಕೊಡಿ. ಅವರು ಇಲ್ಲದಿದ್ದರೆ ಯಾವ ದಿನ, ಯಾವ ಕೆಲಸ ಕೆಡುತ್ತಿತ್ತು?

ಕಾವೇರಿತಟ

ಎರಡು ಸಂಗತಿ ನೆನಪಿಗೆ ಬರುತ್ತೆ.

ಮೊದಲನೆಯದು, ಪ್ರತಿದಿನ ಕೆಲಸ ಮುಗಿಸೋ ಮುಂಚೆ ಅವರು ಒಂದು ಟಿಪ್ಪಣಿ ಬರೆದಿಡ್ತಿದ್ದರು. ಎಲ್ಲಿಗೆ ನಿಂತಿದೆ, ಯಾವುದು ಅಡ್ಡ ಬಂದಿದೆ, ಬೆಂಗಳೂರಲ್ಲಿ ಯಾರು ಏನು ಕೈಗೆತ್ತಿಕೊಳ್ಳಬೇಕು, ಯಾವುದನ್ನ ಮುಟ್ಟಬಾರದು. ಎಂಟು ಹತ್ತು ಸಾಲು ಅಷ್ಟೇ. ಸಮಯ ಬರೆದ ಕಡೆಯೆಲ್ಲ ಅವರದ್ದೂ ನಮ್ಮದೂ ಎರಡೂ ಇರ್ತಿತ್ತು.

ಎರಡನೆಯದು ಅಕ್ಟೋಬರ್ 30, ಗುರುವಾರದ ಟಿಪ್ಪಣಿ. ಅದರ ಮೂರನೇ ಸಾಲಿನಲ್ಲಿ "ಭಾನುವಾರ ನಮ್ಮಲ್ಲಿ ಗಡಿಯಾರ ಹಿಂದಕ್ಕೆ ಹೋಗುತ್ತೆ. ಇನ್‌ವಾಯ್ಸ್ ಜಾಬ್ 1:30ಕ್ಕೆ ಇದೆ. ಎರಡು ಸಲ ಓಡಬಹುದು. ಶನಿವಾರ ನಿಮಗೆ ರಾಜ್ಯೋತ್ಸವದ ರಜೆ, ಆದ್ದರಿಂದ ಶುಕ್ರವಾರವೇ ನೋಡಿ" ಅಂತಿತ್ತು. ಶುಕ್ರವಾರ ಸ್ಟೇಜಿಂಗ್ ಯಂತ್ರದ ಗಡಿಯಾರವನ್ನ ಭಾನುವಾರಕ್ಕೆ ತಿರುಗಿಸಿ ಓಡಿಸಿದ್ವಿ. ನಿಜಕ್ಕೂ ಎರಡು ಸಲ ಓಡಿತು, 1,140 ಇನ್‌ವಾಯ್ಸ್ ಎರಡೆರಡಾದವು.

ಹಳೇಸರ್ವರ್

ನಿಮ್ಮ ಪತ್ರ ಇಲ್ಲೇ ಇದೆ. ಇಷ್ಟೆಲ್ಲ ಇಟ್ಟುಕೊಂಡು "ಸಮರ್ಪಣಾ ಭಾವ" ಅಂತ ಬರೆದಿದ್ದೀರಲ್ಲ!

ಧಾರವಾಡಪೇಡೆ

ಒಂದ ನಿಮಿಷ್ರೀ. ಎರಡ ಸಲ ಯಾಕ ಓಡ್ತದ? ಕ್ರಾನ್ ತಾನಾ ನೋಡ್ಕೋತದಲ್ರಿ ಅದನ್ನ. ಗಡಿಯಾರ ಹಿಂದ ಹೋದ್ರ ಆ ಜಾಬ್ ಮತ್ತ ಓಡಂಗಿಲ್ಲ, ಮುಂದ ಹೋದ್ರ ತಪ್ಪಿದ್ದನ್ನ ಕೂಡಲೇ ಓಡಸ್ತದ. ಅವರು ಸುಮ್ನ ಹೆದರಿಸ್ಯಾರ ಅನಸ್ತದ.

ಹಳೇಸರ್ವರ್

ಅರ್ಧ ಸರಿ. ಡೆಬಿಯನ್‌ನ ಕ್ರಾನ್ ಹಾಗೆ ಮಾಡುತ್ತೆ. ಮೂರು ಗಂಟೆಗಿಂತ ಕಡಿಮೆ ಹೊಂದಾಣಿಕೆಯಾದರೆ, ನಿಗದಿತ ಸಮಯಕ್ಕೆ ಓಡುವ ಜಾಬ್‌ಗಳಿಗೆ ಮಾತ್ರ. ಆದರೆ ಜಾಬ್ ಓಡಿಸುವುದೆಲ್ಲ ಕ್ರಾನ್ ಅಲ್ಲ. ಕಂಪನಿಯೊಳಗೇ ಬರೆದುಕೊಂಡ ಶೆಡ್ಯೂಲರ್‌ಗಳಲ್ಲಿ "ಈಗ ಸ್ಥಳೀಯ ಸಮಯ 1:30 ಆಯಿತಾ" ಅಂತ ಮಾತ್ರ ಕೇಳಿಕೊಳ್ಳುವ ಕೋಡ್ ಎಷ್ಟು ಬೇಕಾದರೂ ಸಿಗುತ್ತೆ. ಕೇಳಿದಾಗಲೆಲ್ಲ ಹೌದು ಅಂತ ಉತ್ತರ ಬಂದರೆ ಓಡಿಸಿಬಿಡುತ್ತೆ. ಲಿನಕ್ಸ್ ಟರ್ಮಿನಲ್‌ನಲ್ಲಿ ನೀವೇ ನೋಡಬಹುದು:

```
TZ=America/Los_Angeles date -d '2025-11-02 08:30 UTC'
TZ=America/Los_Angeles date -d '2025-11-02 09:30 UTC'
```

ಎರಡೂ ಆಜ್ಞೆಗೆ 1:30 ಅಂತಲೇ ಬರುತ್ತೆ. ಒಂದರ ಪಕ್ಕ PDT, ಇನ್ನೊಂದರ ಪಕ್ಕ PST. ನಮ್ಮ ಲೆಕ್ಕದಲ್ಲಿ ಒಂದು ಭಾನುವಾರ ಮಧ್ಯಾಹ್ನ 2, ಇನ್ನೊಂದು 3. ಆ ಮೂರಕ್ಷರ ನೋಡದ ಪ್ರೋಗ್ರಾಂಗೆ ಎರಡೂ ಒಂದೇ.

ಕಾವೇರಿತಟ

ನಮ್ಮದು ಮನೆಯಲ್ಲೇ ಬರೆದ ಶೆಡ್ಯೂಲರ್. ಹೌದು, ಆಗಿದ್ದು ಅದೇ.

ಧಾರವಾಡಪೇಡೆ

ಹಂಗಾದ್ರ ಸರಿ. ಆದ್ರೂ ಆ ಜಾಬ್ ಎರಡ ಸಲ ಓಡಿದ್ರೂ ಎರಡನೇ ಇನ್‌ವಾಯ್ಸ್ ಹುಟ್ಟಬಾರದಾಗಿತ್ತು. ಗ್ರಾಹಕ, ಬಿಲ್ಲಿನ ದಿನಾಂಕ ಎರಡನ್ನೂ ಸೇರಿಸಿ ಯುನೀಕ್ ಕೀ ಹಾಕಿದ್ರ ಡೇಟಾಬೇಸೇ ತಡೀತಿತ್ತು.

ಹಳೇಸರ್ವರ್

ಅದು ನೂರಕ್ಕೆ ನೂರು ನಿಜ. ಆದರೆ ಮೆಚ್ಚುಗೆ ಪತ್ರದಲ್ಲಿ ಬರೆಯುವ ಮಾತಲ್ಲ.

ಗಡಿಯಾರಮುಳ್ಳು

ಎಂಟನೇಕ್ರಾಸ್ ಅವರ ಹನ್ನೆರಡೂವರೆ ಗಂಟೆ ನವೆಂಬರ್ 1ರವರೆಗೆ ಮಾತ್ರ. ಈಗ ಹದಿಮೂರೂವರೆ. ನಾವು ಗಡಿಯಾರ ಮುಟ್ಟಲ್ಲ, ಅವರು ವರ್ಷಕ್ಕೆ ಎರಡು ಸಲ ಮುಟ್ತಾರೆ. ಮಾರ್ಚ್‌ನ ಎರಡನೇ ಭಾನುವಾರ ಮುಂದಕ್ಕೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ. ಯೂರೋಪಿನವರು ಅಕ್ಟೋಬರ್ ಕೊನೆಯ ಭಾನುವಾರವೇ ಹಿಂದಿಟ್ಟಿರ್ತಾರೆ, ಆ ಒಂದು ವಾರ ಮೂರು ಊರಿನ ಮೀಟಿಂಗ್ ಇದ್ದರೆ ದೇವರೇ ಗತಿ.

ಪತ್ರಕ್ಕೂ ಇದಕ್ಕೂ ಸಂಬಂಧ ಇದೆ. ಈಗ ಅವರ ಬೆಳಿಗ್ಗೆ 9:30 ಅಂದ್ರೆ ನಮ್ಮ ರಾತ್ರಿ 11. ನೀವು ನಾಳೆ ಬೆಳಿಗ್ಗೆ 10ಕ್ಕೆ ಆಫೀಸಿಗೆ ಬಂದು ಖುಷಿಯಲ್ಲಿ ಕಳಿಸಿದರೆ ಅವರಿಗೆ ರಾತ್ರಿ 8:30. ಊಟದ ಹೊತ್ತಲ್ಲಿ ಫೋನ್ ಟಿಂಗ್ ಅಂದರೆ ಏನೋ ಕೆಟ್ಟಿದೆ ಅಂತಲೇ ಮೊದಲು ಅನಿಸೋದು. ಬರೆದಿಟ್ಟು, ಅವರ ಕೆಲಸದ ಹೊತ್ತಿಗೆ ಹೋಗೋ ಹಾಗೆ ಶೆಡ್ಯೂಲ್ ಮಾಡಿ.

ಎಂಟನೇಕ್ರಾಸ್

ಹದಿಮೂರೂವರೆ, ಒಪ್ಪಿದೆ. ಸೋಮವಾರ ಬೆಳಿಗ್ಗೆ ಇನ್‌ಬಾಕ್ಸ್ ತುಂಬಿರುತ್ತೆ, ಮಂಗಳವಾರಕ್ಕೆ ಶೆಡ್ಯೂಲ್ ಮಾಡಿ.

ಗಡಿಯಾರಮುಳ್ಳು

ಮಂಗಳವಾರ ನವೆಂಬರ್ 11. ಅಲ್ಲಿ ವೆಟರನ್ಸ್ ಡೇ, ಸರ್ಕಾರಿ ರಜೆ. ಖಾಸಗಿ ಕಂಪನಿಗಳಲ್ಲಿ ಕೆಲವು ಕಡೆ ರಜೆ, ಕೆಲವು ಕಡೆ ಇಲ್ಲ. ಅವರ ಕ್ಯಾಲೆಂಡರ್ ನೋಡಿ. ಸಂದೇಹ ಇದ್ದರೆ ಬುಧವಾರ 12, ನಮ್ಮ ರಾತ್ರಿ 11ಕ್ಕೆ. ಅವರು ನಿಮ್ಮ ರಾಜ್ಯೋತ್ಸವ ನೆನಪಿಟ್ಟುಕೊಂಡಿದ್ದಾರೆ, ನೀವು ಅವರ ರಜೆ ದಿನ ಪತ್ರ ಕಳಿಸಿದರೆ ಚೆನ್ನಾಗಿರಲ್ಲ.

ಅಂಚೆಪೆಟ್ಟಿಗೆ

ಸಂಬೋಧನೆ ಬಗ್ಗೆ ಎರಡು ಮಾತು. "ತಾವು" ಬೇಡ, "ನೀವು" ಸಾಕು. ದಿನಾ ಚಾಟ್‌ನಲ್ಲಿ ಹೇಗೆ ಕರೀತೀರೋ ಹಾಗೇ ಕರೀರಿ. ಹೆಸರಿನ ಜೊತೆ "ಅವರೇ" ಅಂತಿದ್ದರೆ ಅದೇ ಇರಲಿ. ದಿನಾ ಹೆಸರು ಹಿಡಿದು ಮಾತಾಡಿ ಪತ್ರದಲ್ಲಿ ಇದ್ದಕ್ಕಿದ್ದ ಹಾಗೆ "ಅಕ್ಕಾ" ಅಂದರೆ ಅವರಿಗೆ ಕಸಿವಿಸಿ ಆಗಬಹುದು. "ಮೇಡಂ" ಅಂತೂ ಒಂದೇ ತಂಡದಲ್ಲಿ ದೂರ ಮಾಡುತ್ತೆ.

"ಧನ್ಯವಾದಗಳು" ತಪ್ಪಲ್ಲ, ಆದರೆ ಬ್ಯಾಂಕಿನ ಎಸ್ಸೆಮ್ಮೆಸ್ಸಿನ ಕೊನೆಗೂ ಅದೇ ಇರೋದು. ಹಾಸನದ ಕಡೆಯವರಿಗೆ "ತುಂಬಾ ಉಪಕಾರ ಆಯ್ತು" ಅಂದರೆ ಕಿವಿಗೆ ಹತ್ತಿರ. ಒಂದೇ ಸಲ ಹೇಳಿ, ಕೊನೆಯಲ್ಲಿ.

ಕಾವೇರಿತಟ

ಹೆಸರಿನ ಜೊತೆ "ಅವರೇ" ಅಂತಲೇ ಕರೆಯೋದು. ಎಲ್ಲರ ಮಾತು ಇಟ್ಟುಕೊಂಡು ಮತ್ತೆ ಬರೆದೆ:

"____ ಅವರೇ, ನಮಸ್ಕಾರ.

ಅಕ್ಟೋಬರ್ 30ರ ನಿಮ್ಮ ಟಿಪ್ಪಣಿಯ ಮೂರನೇ ಸಾಲಿನ ಬಗ್ಗೆ ಈ ಪತ್ರ. ಭಾನುವಾರ ನಿಮ್ಮಲ್ಲಿ ರಾತ್ರಿ 1:30 ಎರಡು ಸಲ ಬರುತ್ತೆ ಅನ್ನೋದನ್ನ ನಮ್ಮಲ್ಲಿ ಯಾರೂ ಗಮನಿಸಿರಲಿಲ್ಲ. ಈ ಶೆಡ್ಯೂಲರ್ ಬರೆದಾಗ ಅದನ್ನ ಯೋಚಿಸಿಯೇ ಇರಲಿಲ್ಲ. ನೀವು ಹೇಳದಿದ್ದರೆ 1,140 ಗ್ರಾಹಕರಿಗೆ ಎರಡು ಬಿಲ್ ಹೋಗಿ ಕಂಪನಿಯ ಮಾನ ಹೋಗುತ್ತಿತ್ತು. ನಿಮ್ಮಿಂದಲೇ ಎಲ್ಲ ಉಳಿಯಿತು. ತುಂಬಾ ಉಪಕಾರ ಆಯ್ತು."

ಹಳೇಸರ್ವರ್

ಬಹಳ ಮೇಲಾಯ್ತು. ಇನ್ನೂ ಮೂರು ಕಡೆ ಕೈ ಹಾಕಬೇಕು.

ಆ ಶೆಡ್ಯೂಲರ್ ಬರೆದವರು ಇನ್ನೂ ನಿಮ್ಮ ಕಂಪನಿಯಲ್ಲೇ ಇದ್ದಾರಾ? ಇದ್ದರೆ "ಯೋಚಿಸಿಯೇ ಇರಲಿಲ್ಲ" ಅನ್ನೋ ವಾಕ್ಯ ಅವರ ಮೇಲೆ ದೂರು ಕೊಟ್ಟ ಹಾಗೆ. ಒಬ್ಬರನ್ನ ಹೊಗಳಲು ಇನ್ನೊಬ್ಬರ ತಪ್ಪನ್ನ ಪೀಠ ಮಾಡಬೇಡಿ. ನಿಮ್ಮ ಸಹೋದ್ಯೋಗಿಗೇ ಅದು ಮುಜುಗರ, ಏಕೆಂದರೆ ನಾಳೆ ಅವರಿಬ್ಬರೂ ಒಟ್ಟಿಗೆ ಕೆಲಸ ಮಾಡಬೇಕು.

"ಎರಡು ಬಿಲ್ ಹೋಗಿ ಮಾನ ಹೋಗುತ್ತಿತ್ತು" ಅನ್ನೋದು ಊಹೆ. ಬಿಲ್ ಗ್ರಾಹಕರಿಗೆ ತಲುಪೋ ಮುಂಚೆ ಬೇರೆ ಯಾರಾದರೂ ಹಿಡಿಯುತ್ತಿದ್ದರೇನೋ. ನಿಮ್ಮ ಕೈಯಲ್ಲಿ ಊಹೆಗಿಂತ ಗಟ್ಟಿ ಮಾತಿದೆ: ಸ್ಟೇಜಿಂಗ್‌ನಲ್ಲಿ ಓಡಿಸಿ ನೋಡಿದ್ವಿ, 1,140 ಎರಡೆರಡಾದವು. ಅದಕ್ಕೆ ಲಾಗ್ ಇದೆ. ವರ್ಷದ ಕೊನೆಯ ಮೌಲ್ಯಮಾಪನದಲ್ಲಿ ಅವರ ಮ್ಯಾನೇಜರ್ ಈ ಪತ್ರ ಮುಂದಿಟ್ಟರೆ, ಕೇಳಿದವರು ಲಾಗ್ ತೆಗೆದು ನೋಡಬಹುದು. "ನಿಮ್ಮಿಂದಲೇ ಎಲ್ಲ ಉಳಿಯಿತು" ಅನ್ನೋದನ್ನ ಯಾರೂ ತೆಗೆದು ನೋಡಲಾಗಲ್ಲ.

ಇನ್ನೊಂದು, ನೀವು ಟಿಪ್ಪಣಿಯನ್ನೇ ಮರೆತುಬಿಟ್ಟಿದ್ದೀರಿ. ಗಡಿಯಾರದ ಸಂಗತಿ ಒಂದು ದಿನದ್ದು, ಟಿಪ್ಪಣಿ ಮೂರು ವಾರದ್ದು. ನೀವು ಬೆಳಿಗ್ಗೆ 10ಕ್ಕೆ ಒಂದು ಅನುಮಾನ ಕೇಳಿದರೆ ಅವರು ನೋಡೋದು ನಮ್ಮ ರಾತ್ರಿಗೆ, ನೀವು ಉತ್ತರ ನೋಡೋದು ಮರುದಿನ ಬೆಳಿಗ್ಗೆ. ಒಂದು ಅನುಮಾನಕ್ಕೆ ಒಂದು ದಿನ. ಮೂರು ವಾರ ಅಂದರೆ ಹದಿನೈದು ಕೆಲಸದ ದಿನ. ಅಂಥ ಅನುಮಾನ ನಾಲ್ಕು ಬಂದಿದ್ದರೆ ನವೆಂಬರ್ 5 ಅನ್ನೋದು 11 ಆಗುತ್ತಿತ್ತು. "ಯಾವುದನ್ನ ಮುಟ್ಟಬಾರದು" ಅಂತ ಬರೆದಿಡೋರು ಬಹಳ ಕಡಿಮೆ. ಆ ಸಾಲು ಇಲ್ಲದಿದ್ದರೆ ಈ ಕಡೆಯವರು ಒಳ್ಳೇ ಮನಸ್ಸಿಂದಲೇ ಅರ್ಧ ಮುಗಿದ ಕೆಲಸಕ್ಕೆ ಕೈ ಹಾಕಿ ಕೆಡಿಸ್ತಾರೆ.

ಕಾವೇರಿತಟ

ಶೆಡ್ಯೂಲರ್ ಬರೆದವನು ಪಕ್ಕದ ಸೀಟಿನವನೇ! ಒಳ್ಳೇದಾಯ್ತು ಹೇಳಿದ್ದು.

ಹೊಸಬಿಲ್ಲು

ನಡುವೆ ಬಂದೆ, ಕ್ಷಮಿಸಿ. ನಮ್ಮಲ್ಲೂ ಹೀಗೇ ಒಬ್ಬರಿದ್ದಾರೆ, ದುಬೈನಲ್ಲಿ. ಆದರೆ ಅವರು ಕಾಂಟ್ರಾಕ್ಟ್ ಮೇಲೆ, ಬೇರೆ ಕಂಪನಿಯ ಮೂಲಕ. ಸಮಯದ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ಮ್ಯಾನೇಜರ್‌ಗೆ ಪ್ರತಿ ಹಾಕಬೇಕು ಅಂತಾರಲ್ಲ, ಅವರಿಗೆ ಯಾರು ಮ್ಯಾನೇಜರ್?

ಅಂಚೆಪೆಟ್ಟಿಗೆ

ಅವರನ್ನೇ ಕೇಳಿ, "ನಿಮ್ಮ ಕಂಪನಿಯಲ್ಲಿ ಯಾರಿಗೆ ತಲುಪಿದರೆ ನಿಮಗೆ ಉಪಯೋಗ" ಅಂತ. ಕಾಂಟ್ರಾಕ್ಟ್‌ನವರ ವಿಷಯದಲ್ಲಿ ನೀವಾಗಿ ಅವರ ಮೇಲಿನವರಿಗೆ ಬರೆದರೆ ಕೆಲವೊಮ್ಮೆ ಉಲ್ಟಾ ಹೊಡೆಯುತ್ತೆ. ಒಪ್ಪಂದದಲ್ಲಿ ಇಲ್ಲದ ಕೆಲಸ ಮಾಡಿದ್ದನ್ನ ನೀವು ಹೊಗಳಿ ಬರೆದಿರ್ತೀರಿ, ಅವರ ಕಂಪನಿ ಅದಕ್ಕೆ ಬಿಲ್ ಯಾಕೆ ಹಾಕಲಿಲ್ಲ ಅಂತ ಅವರನ್ನೇ ಕೇಳುತ್ತೆ.

ಎಂಟನೇಕ್ರಾಸ್

ಪ್ರತಿ ಗಿತಿ ಯಾಕೆ? ತಂಡದ ಚಾನೆಲ್‌ನಲ್ಲಿ ಎಲ್ಲರ ಮುಂದೆ ಹಾಕಿ. ಮ್ಯಾನೇಜರೂ ನೋಡ್ತಾರೆ, ಎಲ್ಲರೂ ಚಪ್ಪಾಳೆ ಒತ್ತುತಾರೆ.

ಅಂಚೆಪೆಟ್ಟಿಗೆ

ಎಲ್ಲರಿಗೂ ಅದು ಇಷ್ಟ ಆಗಲ್ಲ. ಬೆಂಗಳೂರಲ್ಲಿ ಆರು ಜನ ಕೂತು ಮಾಡಿದ ಕೆಲಸದಲ್ಲಿ ದೂರದವರೊಬ್ಬರಿಗೆ ಮಾತ್ರ ಚಪ್ಪಾಳೆ ಹೊಡೆಸಿದರೆ, ಆ ಶುಕ್ರವಾರ ಕೂತು ಸಮಯ ಬದಲಿಸಿದವರು ಏನು ಅಂದುಕೊಳ್ತಾರೆ? ಮೊದಲು ಖಾಸಗಿಯಾಗಿ ಕಳಿಸಿ, "ಇದನ್ನ ಚಾನೆಲ್‌ನಲ್ಲೂ ಹಾಕಲಾ" ಅಂತ ಕೇಳಿ.

ಎಂಟನೇಕ್ರಾಸ್

ಕೇಳಿದರೆ ಯಾರೂ ಹೂಂ ಅನ್ನಲ್ಲ ರೀ. ಸಂಕೋಚಕ್ಕೆ ಬೇಡ ಅಂತಾರೆ, ಒಳಗೊಳಗೇ ಬೇಕಿರುತ್ತೆ. ದೂರದಲ್ಲಿರೋರ ಕೆಲಸ ಯಾರ ಕಣ್ಣಿಗೂ ಬೀಳಲ್ಲ, ಅದಕ್ಕೇ ಚಾನೆಲ್‌ನಲ್ಲಿ ಹಾಕಬೇಕು ಅನ್ನೋದು.

ಧಾರವಾಡಪೇಡೆ

ಎರಡೂ ಮಾತಿನ್ಯಾಗ ಹುರುಳದ. ಆದ್ರ ಚಾನೆಲ್‌ಗೆ ಹಾಕೋದಾದ್ರ @channel ಒತ್ತಬ್ಯಾಡ್ರಿ. ನಿಮ್ಮ ಹಗಲ ಹೊತ್ತಿಗೆ ಹಾಕಿದ್ರ ಹೊಗಳಿಸಿಕೊಳ್ಳೋರನ್ನ ನಡುರಾತ್ರಿ ಎಬ್ಬಿಸಿದಂಗ ಆಗ್ತದ.

ಹಳೇಸರ್ವರ್

ಮ್ಯಾನೇಜರ್ ವಿಷಯಕ್ಕೆ: ಅವರಿಗೆ ಕನ್ನಡ ಬರುತ್ತಾ? ಬರದಿದ್ದರೆ ಕನ್ನಡ ಪತ್ರವನ್ನ ಹಾಗೇ ಅನುವಾದಿಸಿ ಕಳಿಸಬೇಡಿ. ಅದು ಇಬ್ಬರ ನಡುವಿನ ಮಾತು. ಮ್ಯಾನೇಜರ್‌ಗೆ ಬೇರೆಯಾಗಿ ಇಂಗ್ಲಿಷಿನಲ್ಲಿ ಮೂರು ವಾಕ್ಯ ಸಾಕು: ಅಕ್ಟೋಬರ್ 30ಕ್ಕೆ ಏನನ್ನ ಗುರುತಿಸಿದರು, 31ಕ್ಕೆ ಪರೀಕ್ಷೆಯಲ್ಲಿ ಏನು ಕಂಡಿತು, ನವೆಂಬರ್ 2ಕ್ಕೆ ಲೈವ್‌ನಲ್ಲಿ ಏನಾಯಿತು. ಟಿಪ್ಪಣಿಯ ಲಿಂಕ್ ಸೇರಿಸಿ. ವಿಶೇಷಣ ಒಂದೂ ಬೇಡ.

ಕಾವೇರಿತಟ

ಮ್ಯಾನೇಜರ್‌ಗೆ ಕನ್ನಡ ಬರಲ್ಲ, ಬೇರೆಯಾಗೇ ಬರೀತೀನಿ. ಈಗ ಪತ್ರ ಹೀಗಾಗಿದೆ:

"____ ಅವರೇ, ನಮಸ್ಕಾರ.

ಅಕ್ಟೋಬರ್ 30ರ ನಿಮ್ಮ ಟಿಪ್ಪಣಿಯ ಮೂರನೇ ಸಾಲಿನ ಬಗ್ಗೆ ಈ ಪತ್ರ. ಇನ್‌ವಾಯ್ಸ್ ಜಾಬ್ ಭಾನುವಾರ ಎರಡು ಸಲ ಓಡಬಹುದು ಅಂತ ಬರೆದಿದ್ದಿರಿ. ಶುಕ್ರವಾರ ಸ್ಟೇಜಿಂಗ್‌ನಲ್ಲಿ ಓಡಿಸಿ ನೋಡಿದೆವು, 1,140 ಇನ್‌ವಾಯ್ಸ್ ಎರಡೆರಡಾದವು. ನೀವು ಸೂಚಿಸಿದ ಹಾಗೆ ಸಮಯವನ್ನ 10:30 UTCಗೆ ಕಟ್ಟಿದೆವು. ಭಾನುವಾರ ಲೈವ್‌ನಲ್ಲಿ ಒಂದೇ ಸಲ ಓಡಿತು. ಶನಿವಾರ ನಮಗೆ ರಾಜ್ಯೋತ್ಸವದ ರಜೆ ಅನ್ನೋದನ್ನ ಲೆಕ್ಕ ಹಾಕಿ ನೀವು ಗುರುವಾರವೇ ಬರೆದದ್ದರಿಂದ ನಮಗೆ ಒಂದು ಪೂರ್ತಿ ದಿನ ಸಿಕ್ಕಿತು.

ಈ ಮೂರು ವಾರ ಬೆಳಿಗ್ಗೆ ಬಂದು 'ಈಗ ಏನು ಮಾಡಬೇಕು' ಅಂತ ನಿಮ್ಮನ್ನ ಕೇಳಿ ಒಂದು ದಿನ ಕಾಯುವ ಪ್ರಸಂಗ ಒಮ್ಮೆಯೂ ಬರಲಿಲ್ಲ. ಟಿಪ್ಪಣಿಯ ಕೊನೆಗೆ ನೀವು ಬರೆಯುತ್ತಿದ್ದ 'ಇದನ್ನ ಮುಟ್ಟಬೇಡಿ' ಅನ್ನೋ ಸಾಲನ್ನ ನಾವೂ ರೂಢಿ ಮಾಡಿಕೊಳ್ತಿದ್ದೇವೆ.

ತುಂಬಾ ಉಪಕಾರ ಆಯ್ತು. ಇದಕ್ಕೆ ಉತ್ತರ ಬರೆಯಬೇಕಿಲ್ಲ."

ಅಂಚೆಪೆಟ್ಟಿಗೆ

ಕಳಿಸಿ. "ಉತ್ತರ ಬರೆಯಬೇಕಿಲ್ಲ" ಅನ್ನೋದು ಸ್ವಲ್ಪ ಖಡಕ್ ಅನಿಸುತ್ತೆ. "ಉತ್ತರದ ಗೋಜು ಬೇಡ" ಅಂದರೆ ಹಗುರ.

ಗಡಿಯಾರಮುಳ್ಳು

ಪತ್ರ ಚೆನ್ನಾಗಿದೆ. ಆದರೆ 10:30 UTC ಅಂದ್ರಲ್ಲ, ನಮಗೆ ವರ್ಷವಿಡೀ ಸಂಜೆ 4. ಅವರಿಗೆ ಈಗ ರಾತ್ರಿ 2:30, ಮಾರ್ಚ್ 8ರಿಂದ 3:30. ಎರಡು ಸಲ ಬರೋ ಗಂಟೆಯಿಂದ ತಪ್ಪಿಸಿಕೊಂಡಿತು, ಸರಿ. ಆದರೆ ಆ ಇನ್‌ವಾಯ್ಸ್‌ಗಳನ್ನ ಓದೋ ಇನ್ನೊಂದು ಜಾಬ್ ಅವರ ಸ್ಥಳೀಯ ಸಮಯಕ್ಕೆ, 3ಕ್ಕೋ ಏನೋ ಇದ್ದರೆ? ಈಗ ನಡೆಯುತ್ತೆ. ಮಾರ್ಚ್ ಬಂದಾಗ ಅದು ಅರ್ಧ ಗಂಟೆ ಮೊದಲೇ ಓಡಿ ಖಾಲಿ ಕೈಯಲ್ಲಿ ವಾಪಸ್ ಬರುತ್ತೆ.

ಕಾವೇರಿತಟ

ಈಗ ತೆಗೆದು ನೋಡಿದೆ. ಲೆಡ್ಜರ್‌ಗೆ ಕಳಿಸೋ ಜಾಬ್ ಒಂದಿದೆ, ಸ್ಥಳೀಯ ಸಮಯ 3:00ಕ್ಕೆ. ಅದನ್ನೂ UTCಗೆ ಕಟ್ಟಬಹುದಾ ಗೊತ್ತಿಲ್ಲ, ಅಕೌಂಟ್ಸ್‌ನವರು ಬೆಳಿಗ್ಗೆ ಎಷ್ಟು ಹೊತ್ತಿಗೆ ವರದಿ ಕೇಳ್ತಾರೋ ಅವರಿಗೇ ಗೊತ್ತು. ಪತ್ರದ ಕೊನೆಗೆ ಒಂದು ಸಾಲು ಸೇರಿಸಿ ಕೇಳಿಬಿಡಲಾ?

ಹಳೇಸರ್ವರ್

ಬೇಡ. ಮೆಚ್ಚುಗೆಯ ಬಾಲಕ್ಕೆ ಕೆಲಸ ಕಟ್ಟಿದರೆ ಮೇಲಿನದ್ದೆಲ್ಲ ಪೀಠಿಕೆ ಆಗಿಬಿಡುತ್ತೆ. ಇವತ್ತಿನ ಟಿಪ್ಪಣಿಯಲ್ಲಿ ಹಾಕಿ, ಎರಡೂ ಕಡೆಯ ಸಮಯ ಬರೆದು. ಮಾರ್ಚ್‌ಗೆ ಇನ್ನೂ ನಾಲ್ಕು ತಿಂಗಳಿದೆ.

ಕಾವೇರಿತಟ

ಟಿಪ್ಪಣಿಗೆ ಹಾಕಿದೆ. ಪತ್ರ ಬುಧವಾರ ರಾತ್ರಿ 11ಕ್ಕೆ ಶೆಡ್ಯೂಲ್ ಆಗಿದೆ. ಚಾನೆಲ್‌ಗೆ ಹಾಕೋದೋ ಬೇಡವೋ ಇನ್ನೂ ತೀರ್ಮಾನ ಆಗಿಲ್ಲ.

ಎಂಟನೇಕ್ರಾಸ್

ಹಾಕಿ ಅಂತಲೇ ನನ್ನ ಮಾತು.